ಮಾರಿದ್ದೆಷ್ಟು, ಮಾರಿದ್ದು ಹೇಗೆ?

ವರ್ಷದ ಲೆಕ್ಕ ಮುಗಿದ ಮೇಲೆ ಸೀರೆ ಅಂಗಡಿಯ ಯಜಮಾನರು ಗಲ್ಲಾದ ಮುಂದೆ ಕುಳಿತು ನೌಕರರ ಸಂಬಳ ಏರಿಸುವ ಪಟ್ಟಿಯನ್ನು ಬರೆಯುವ ದಿನವೊಂದಿರುತ್ತದೆ. ಹಿಂದೆ ಈ ಕೆಲಸಕ್ಕೆ ಬಿಲ್ ಪುಸ್ತಕಗಳನ್ನು ಕೂಡಿಸಬೇಕಾಗಿತ್ತು. ಈಗ ಕಂಪ್ಯೂಟರೇ ಯಾರು ಎಷ್ಟು ಮಾರಿದರೆಂಬುದನ್ನು ಕ್ಷಣಾರ್ಧದಲ್ಲಿ ಅಚ್ಚು ಹಾಕಿ ಕೊಡುತ್ತದೆ. ಆ ಕಾಗದ ಕೈಗೆ ಬಂದೊಡನೆ ತೀರ್ಮಾನವೂ ಆಗಿಹೋಗುತ್ತದೆ. ಹೆಚ್ಚು ಮಾರಿದವನು ಜಾಣ, ಕಡಮೆ ಮಾರಿದವನು ದಂಡ! ಇಷ್ಟು ಸುಲಭವಾಗಿ ತೀರ್ಪು ಕೊಡಬಹುದಾದರೆ ಯಜಮಾನರ ಅಗತ್ಯವಾದರೂ ಏನು?

ಬೆಂಗಳೂರಿನ ಚಿಕ್ಕಪೇಟೆಯ ಕಡೆಯ ಒಂದು ಮಧ್ಯಮ ತರಗತಿಯ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೆಸರುಗಳೂ ಅಂಕಿಗಳೂ ಅನುಕೂಲಕ್ಕಾಗಿ ಇಟ್ಟವು. ಸಂಗತಿ ಮಾತ್ರ ಆ ಬೀದಿಯಲ್ಲಿ ದಿನವೂ ನಡೆಯುವಂಥದು. ಅಲ್ಲಿ ಮದುವೆ ರೇಷ್ಮೆಯ ಗಾದಿಯ ಮೇಲೆ ಕುಳಿತವರು ರಾಮಣ್ಣ. ಹದಿನೆಂಟು ವರ್ಷದ ಹಳೆಯ ಆಳು. ಒಳಗಿನ ಮೂಲೆಯಲ್ಲಿ ನೂಲಿನ ಸೀರೆ ಮತ್ತು ಇಳಕಲ್ ಸೀರೆಗಳ ವಿಭಾಗ ಶಾರದಮ್ಮನವರದು. ಅವರು ಬಂದು ನಾಲ್ಕು ವರ್ಷವಾಗಿತ್ತು. ರಾಮಣ್ಣನವರ ತಿಂಗಳ ಸರಾಸರಿ ಮಾರಾಟ 12 ಲಕ್ಷ ರೂಪಾಯಿ, ಶಾರದಮ್ಮನವರದು 4 ಲಕ್ಷ. ರೇಷ್ಮೆ ವಿಭಾಗಕ್ಕೆ ಒಬ್ಬ ಮೇಲ್ವಿಚಾರಕರನ್ನು ನೇಮಿಸಬೇಕಾಗಿತ್ತು. ಮೂರು ಪಟ್ಟು ಮಾರಿದವರಿಗೇ ಆ ಪದವಿ ಎಂದು ಯಜಮಾನರು ಮನಸ್ಸಿನಲ್ಲಿ ಬರೆದೂ ಆಗಿತ್ತು.

ಅಡ್ಡ ಬಂದದ್ದು ಒಬ್ಬ ಹಳೆಯ ಗಿರಾಕಿ. ತಾಯಿಯ ಕಾಲದಿಂದ ಆ ಅಂಗಡಿಗೇ ಬರುತ್ತಿದ್ದ ಆಕೆ ಮಗಳ ಮದುವೆಗೆ ಕೊಂಡ ಸೀರೆಯನ್ನು ಗಲ್ಲಾದ ಮೇಲಿಟ್ಟು, “ಜರಿ ಅಸಲಿ ಅಂತ ಹೇಳಿದ್ದರಿಂದ ತೊಗೊಂಡೆ. ಬೀಗರ ಎದುರಿಗೆ ನನ್ನ ಮುಖ ಹೋಯಿತು,” ಎಂದಷ್ಟೇ ಹೇಳಿದರು. ಹಣ ಹಿಂದಕ್ಕೆ ಬೇಡವೆಂದು ಎದ್ದು ಹೋದರು. ಬಿಲ್ಲು ರಾಮಣ್ಣನವರದು. ಕಂಪ್ಯೂಟರಿನ ಪಟ್ಟಿಯಲ್ಲಿ ಅದು ಒಳ್ಳೆಯ ಮಾರಾಟವಾಗಿಯೇ ಉಳಿದಿತ್ತು.

ಯಜಮಾನರು ಪಟ್ಟಿಯನ್ನು ಮಡಿಸಿಟ್ಟು, ಮೊದಲು ಒಂದು ಸಾದಾ ಎಣಿಕೆಗೆ ತೊಡಗಿದರು. ಬಾಗಿಲಿನ ಹುಡುಗನ ಕೈಗೆ ಒಂದು ನೋಟುಬುಕ್ಕು ಕೊಟ್ಟು, ಯಾರ ಮುಂದೆ ಎಷ್ಟು ತಂಡಗಳು ಬಂದು ಕುಳಿತವು, ಅವುಗಳಲ್ಲಿ ಕೊಂಡು ಎದ್ದವೆಷ್ಟು ಎಂದು ಮೂರು ವಾರ ಗುರುತು ಹಾಕಿಸಿದರು. ತಾಯಿ, ಮಗಳು, ಚಿಕ್ಕಮ್ಮ ಕೂಡಿ ಬಂದರೆ ಅದು ಒಂದೇ ತಂಡ. ತಲೆ ಎಣಿಸಿದರೆ ಲೆಕ್ಕ ಕೆಡುತ್ತದೆ. ರಾಮಣ್ಣನವರ ಮುಂದೆ 140 ತಂಡಗಳು ಕುಳಿತಿದ್ದವು, 77 ಕೊಂಡಿದ್ದವು. ಎಂದರೆ ನೂರಕ್ಕೆ 55. ಶಾರದಮ್ಮನವರ ಬಳಿ 180ರಲ್ಲಿ 117, ನೂರಕ್ಕೆ 65. ಮೂರು ಪಟ್ಟಿನ ಅಂತರವನ್ನು ತಂದದ್ದು ಮಾತಿನ ಚಾತುರ್ಯವಲ್ಲ, ಗಾದಿಯ ಮೇಲಿದ್ದ ಸರಕಿನ ಬೆಲೆ. ಮದುವೆ ರೇಷ್ಮೆಯ ಒಂದು ಬಿಲ್ಲಿಗೆ ನೂಲಿನ ಸೀರೆಯ ಐದು ಬಿಲ್ಲು ಸಮ.

ಅನಂತರ ಆರು ತಿಂಗಳಲ್ಲಿ ಬದಲಾಯಿಸಿಕೊಳ್ಳಲು ಹಿಂದಿರುಗಿದ ಸೀರೆಗಳ ಚೀಟಿಗಳನ್ನು ಹರಡಿದರು. ರಾಮಣ್ಣನವರ 600 ಬಿಲ್ಲುಗಳಲ್ಲಿ 54 ಸೀರೆ, ಶಾರದಮ್ಮನವರ 960ರಲ್ಲಿ 24 ಸೀರೆ ಮರಳಿದ್ದವು. ಇಲ್ಲಿಗೇ ನಿಂತರೂ ಅನ್ಯಾಯವೇ ಆದೀತು. ಮದುವೆಯ ಸೀರೆಯನ್ನು ಒಬ್ಬರು ಕೊಂಡು ಇನ್ನೊಬ್ಬರು ಉಡುತ್ತಾರೆ. ಬಣ್ಣ ಒಪ್ಪದೆ ಮರಳುವುದು ಸಹಜ. ಆದುದರಿಂದ ನೋಡಬೇಕಾದದ್ದು ಸಂಖ್ಯೆಯನ್ನಲ್ಲ, ಚೀಟಿಯಲ್ಲಿ ಬರೆದ ಕಾರಣವನ್ನು. ರಾಮಣ್ಣನವರ 54ರಲ್ಲಿ 31 ಬಣ್ಣದ ಕಾರಣಕ್ಕೋ ಮನೆಯವರ ಅಭಿಪ್ರಾಯಕ್ಕೋ ಬಂದವು. ಉಳಿದ 23ರ ಚೀಟಿಗಳಲ್ಲಿ “ಹೇಳಿದ್ದೊಂದು, ಇದ್ದದ್ದೊಂದು” ಎಂಬ ಧಾಟಿಯ ದೂರುಗಳಿದ್ದವು: ಜರಿ ಬೇರೆ, ರೇಷ್ಮೆಯ ಹೆಸರು ಬೇರೆ, ರವಿಕೆಯ ಕಣ ಇಲ್ಲವೇ ಇಲ್ಲ. ಶಾರದಮ್ಮನವರ 24ರಲ್ಲಿ ಅಂಥವು ಮೂರು. ಬದಲಾವಣೆಯ ಚೀಟಿಯಲ್ಲಿ ಕಾರಣ ಬರೆಯದ ಅಂಗಡಿಗಳೇ ಹೆಚ್ಚು. ಆ ಒಂದು ಸಾಲು ಇಲ್ಲದಿದ್ದರೆ ಮೇಲಿನ ಭೇದ ಯಾರಿಗೂ ಕಾಣಿಸುತ್ತಿರಲಿಲ್ಲ.

ಮೂರನೆಯದಾಗಿ ಯಜಮಾನರು ಇಬ್ಬರ ಸ್ಥಾನಗಳನ್ನೂ ಮೂರು ವಾರ ಅದಲುಬದಲು ಮಾಡಿದರು. ಆಷಾಢದಲ್ಲೂ ಅಲ್ಲ, ವರಮಹಾಲಕ್ಷ್ಮಿ ಹಬ್ಬದ ಮುಂಚಿನ ನೂಕುನುಗ್ಗಲಿನಲ್ಲೂ ಅಲ್ಲ. ವ್ಯಾಪಾರ ಸಮವಾಗಿ ನಡೆಯುವ ದಿನಗಳನ್ನು ಆರಿಸಿಕೊಂಡರು. ಇಲ್ಲಿ ಅವರ ಹೊಸ ನಂಬಿಕೆಗೂ ಪೆಟ್ಟು ಬಿತ್ತು. ನೂಲಿನ ವಿಭಾಗದಲ್ಲಿ ರಾಮಣ್ಣ 170 ತಂಡಗಳಲ್ಲಿ 102ಕ್ಕೆ ಮಾರಿದರು. ಶಾರದಮ್ಮನವರ ಮಟ್ಟಕ್ಕೆ ಸ್ವಲ್ಪವೇ ಕಡಮೆ. ಆದರೆ ರೇಷ್ಮೆಯ ಗಾದಿಯ ಮೇಲೆ ಶಾರದಮ್ಮನವರಿಗೆ 120ರಲ್ಲಿ 54 ಮಾತ್ರ ದಕ್ಕಿದವು. ನೂರಕ್ಕೆ 45! ಒಬ್ಬರೋ ಇಬ್ಬರೋ ಬಂದಾಗ ಅವರು ರಾಮಣ್ಣನವರಿಗೆ ಸರಿಸಮ. ಆರೆಂಟು ಜನರ ಮದುವೆಯ ತಂಡ ಬಂದು ಕುಳಿತರೆ ಸೋಲುತ್ತಿದ್ದರು. ಮೂರು ವಾರದ ಇಷ್ಟು ಸಣ್ಣ ಅಂಕಿಗಳಿಂದ ಯಾರನ್ನೂ ಅಳೆದು ಮುಗಿಸಲಾಗದು. ಆದರೂ ಕಣ್ಣನ್ನು ಎಲ್ಲಿಡಬೇಕೆಂಬುದನ್ನು ಅವು ತೋರಿಸಿಕೊಟ್ಟವು.

ಯಜಮಾನರು ಪತ್ರಿಕೆ ಓದುವ ನೆವದಲ್ಲಿ ಪಕ್ಕದಲ್ಲೇ ಕುಳಿತು ನೋಡಿದರು. ದೊಡ್ಡ ತಂಡದಲ್ಲಿ ಮೊದಲು ಬಾಯಿ ತೆರೆಯುವವರು ಸಾಮಾನ್ಯವಾಗಿ ತೀರ್ಮಾನಿಸುವವರಾಗಿರುವುದಿಲ್ಲ. ಶಾರದಮ್ಮ ಹುಡುಗಿಯ ಗೆಳತಿ ಕೇಳಿದ ಬಣ್ಣಗಳನ್ನೆಲ್ಲ ತೆಗೆದು ಹರಡುತ್ತ ಹೋದರು. ನಲವತ್ತು ಸೀರೆಗಳು ಗುಡ್ಡೆಯಾದ ಮೇಲೆ ಹಿಂದೆ ಕುಳಿತಿದ್ದ ಅಜ್ಜಿ, “ಇನ್ನೊಂದು ಅಂಗಡಿ ನೋಡೋಣ,” ಎಂದರು. ಎಲ್ಲರೂ ಎದ್ದರು. ರಾಮಣ್ಣನವರ ರೀತಿಯೇ ಬೇರೆ. ಅವರು ಮೊದಲ ನಾಲ್ಕು ಸೀರೆಗಳನ್ನು ಬಿಡಿಸುವಷ್ಟರಲ್ಲಿ ಯಾರ ಮುಖವನ್ನು ಉಳಿದವರು ನೋಡುತ್ತಾರೆಂಬುದನ್ನು ಗಮನಿಸುತ್ತಿದ್ದರು. ಒಪ್ಪಿಗೆಯಾದಂತೆ ಕಂಡದ್ದನ್ನು, “ಇದು ಪಕ್ಕಕ್ಕಿರಲಿ, ಅಮ್ಮಾ,” ಎಂದು ಬೇರೆ ಇಡುವರು. ಒಪ್ಪದವನ್ನು ಮಡಿಸುವ ಹುಡುಗನ ಕಡೆಗೆ ತಕ್ಷಣ ಸರಿಸುವರು. ಗಾದಿಯ ಮೇಲೆ ಏಕಕಾಲಕ್ಕೆ ಹನ್ನೆರಡಕ್ಕಿಂತ ಹೆಚ್ಚು ಸೀರೆ ಉಳಿಯಗೊಡುತ್ತಿರಲಿಲ್ಲ. ಇದನ್ನು ಯಾವ ಬಿಲ್ಲೂ ಹೇಳುವುದಿಲ್ಲ. ಇದು ಹದಿನೆಂಟು ವರ್ಷದ ವಿದ್ಯೆ.

ಇನ್ನು ಉಳಿದದ್ದು ಸರಕಿನ ತಿಳಿವಳಿಕೆ. ಅದನ್ನು ಅಳೆಯಲು ಯಜಮಾನರು ಮಾರುವೇಷದ ಗಿರಾಕಿಗಳ ಮೊರೆಹೊಕ್ಕರು. ರಾಜರು ರಾತ್ರಿ ಕಂಬಳಿ ಹೊದ್ದು ಊರು ಸುತ್ತಿದಂತೆಯೇ ಇದೂ. ಆದರೆ ರಾಜನಿಗಿಲ್ಲದ ಕಟ್ಟುಪಾಡುಗಳು ಇಲ್ಲಿವೆ. ಇಂಥ ಪರೀಕ್ಷೆ ವರ್ಷದಲ್ಲಿ ಕೆಲವು ಸಲ ನಡೆಯುತ್ತದೆಂದು ನೌಕರರಿಗೆ ಮೊದಲೇ ತಿಳಿಸಿರಬೇಕು. ಯಾವ ದಿನ, ಯಾರು ಎಂಬುದಷ್ಟೇ ಗುಟ್ಟು. ಒಬ್ಬರ ಬಳಿಗೆ ಶನಿವಾರ ಸಂಜೆಯ ಗದ್ದಲದಲ್ಲೂ ಇನ್ನೊಬ್ಬರ ಬಳಿಗೆ ಮಂಗಳವಾರ ಬೆಳಗಿನ ಬಿಡುವಿನಲ್ಲೂ ಹೋಗಿ ಹೋಲಿಸುವುದು ಮೋಸವೇ ಸರಿ. ಒಂದೇ ಭೇಟಿಯಿಂದ ಏನನ್ನೂ ನಿರ್ಧರಿಸಬಾರದು. ನೌಕರರಿಗೆ ಪರಿಚಯವಿಲ್ಲದ ಇಬ್ಬರು ಗೃಹಿಣಿಯರು, ಬೇರೆ ಬೇರೆ ಹೊತ್ತಿನಲ್ಲಿ, ಪ್ರತಿಯೊಬ್ಬರ ಬಳಿಗೂ ಮೂರು ಸಲ ಹೋದರು. ಮೂರು ಪ್ರಶ್ನೆಗಳನ್ನು ಒಂದೇ ಮಾತಿನಲ್ಲಿ ಕೇಳಿ, ಬಂದ ಉತ್ತರವನ್ನು ಒಂದು ಗಂಟೆಯೊಳಗೆ ಇದ್ದಂತೆಯೇ ಬರೆದರು. “ಒಳ್ಳೆಯವರು”, “ಅಹಂಕಾರಿ” ಎಂಬಂಥ ಅಭಿಪ್ರಾಯಗಳನ್ನು ಬರೆಯಕೂಡದೆಂದು ಅವರಿಗೆ ಮೊದಲೇ ಹೇಳಲಾಗಿತ್ತು. ಪ್ರಶ್ನೆಗೆ ಸರಕು ಎದುರಿಗೇ ಇರಬೇಕಾದದ್ದರಿಂದ ಮೂರೂ ಬಗೆಯ ಸೀರೆಗಳು ಎರಡು ವಿಭಾಗಗಳಲ್ಲೂ ಇರುವಂತೆ ಯಜಮಾನರು ನೋಡಿಕೊಂಡಿದ್ದರು.

ಮೊದಲನೆಯ ಪ್ರಶ್ನೆ, “ಇದರ ಜರಿ ಅಸಲಿಯೇ?” ಅಸಲಿ ಜರಿಯಲ್ಲಿ ಬೆಳ್ಳಿಯ ತಂತಿಯನ್ನು ಚಪ್ಪಟೆ ಮಾಡಿ ರೇಷ್ಮೆಯ ನೂಲಿಗೆ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ವ್ಯಾಪಾರಿಗಳು ‘ಟೆಸ್ಟೆಡ್ ಜರಿ’ ಎನ್ನುವುದರಲ್ಲಿ ಇರುವುದು ತಾಮ್ರದ ತಂತಿ. ಬೆಳ್ಳಿ ಅದರ ಲೇಪ ಮಾತ್ರ. ಅಗ್ಗದ ಜರಿಯಲ್ಲಿ ಲೋಹದ ಹೊಳಪು ಕೊಟ್ಟ ಪ್ಲಾಸ್ಟಿಕ್ಕಿನ ಪಟ್ಟಿಯೇ ಇರುತ್ತದೆ. ಮೂರೂ ಹೊಸದಾಗಿದ್ದಾಗ ಹೊಳೆಯುತ್ತವೆ; ಬೆಲೆಯಲ್ಲೂ ಬಾಳಿಕೆಯಲ್ಲೂ ಅಜಗಜಾಂತರ. ರಾಮಣ್ಣನವರ ಉತ್ತರ ಮೂರು ಸಲವೂ ಒಂದೇ: “ಸಿಲ್ಕ್ ಮಾರ್ಕ್ ಚೀಟಿ ಇದೆ ನೋಡಿ, ಅಮ್ಮಾ. ಎಲ್ಲಾ ಅಸಲಿ.” ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಈ ಗುರುತು ಬಟ್ಟೆ ಶುದ್ಧ ರೇಷ್ಮೆಯೆಂಬುದಕ್ಕೆ ಸಾಕ್ಷಿ. ಜರಿಯ ವಿಷಯದಲ್ಲಿ ಅದು ಮಾತೇ ಆಡುವುದಿಲ್ಲ. ಕೈಮಗ್ಗದ್ದೋ ಯಂತ್ರಮಗ್ಗದ್ದೋ ಎಂಬುದನ್ನೂ ಹೇಳುವುದಿಲ್ಲ. ಆ ಹಳೆಯ ಗಿರಾಕಿಯ ಮುಖಭಂಗದ ಮೂಲ ಇಲ್ಲಿತ್ತು. ಶಾರದಮ್ಮ ಎರಡು ಸಲ ಸರಿಯಾಗಿ ಹೇಳಿದರು. ಮೂರನೆಯ ಸಲ, “ನನಗೆ ಖಚಿತವಾಗಿ ಗೊತ್ತಿಲ್ಲ, ಒಳಗೆ ಕೇಳಿ ಬಂದು ಹೇಳುತ್ತೇನೆ,” ಎಂದು ಎದ್ದು ಹೋಗಿ ಕೇಳಿ ಬಂದರು. ತಿಳಿಯದ್ದನ್ನು ತಿಳಿಯದೆಂದು ಹೇಳಿ ವಿಚಾರಿಸಿಕೊಂಡು ಬಂದವರಿಗೆ ತಿಳಿದವರಷ್ಟೇ ಅಂಕ ಸಲ್ಲಬೇಕೆಂದು ಯಜಮಾನರು ಅಂದೇ ಗುರುತು ಹಾಕಿಕೊಂಡರು.

ಎರಡನೆಯದು ಕ್ರೇಪ್ ರೇಷ್ಮೆಯ ಸೀರೆಯನ್ನು ಮುಟ್ಟಿ, “ಇದು ಮೈಸೂರು ಸಿಲ್ಕೇ?” ಎಂಬ ಪ್ರಶ್ನೆ. ಇದು ತಿಳಿವಳಿಕೆಯ ಜೊತೆಗೆ ಪ್ರಾಮಾಣಿಕತೆಯ ಪರೀಕ್ಷೆಯೂ ಹೌದು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯ ಪರಂಪರೆ ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ಆ ಹೆಸರಿನ ಭೌಗೋಳಿಕ ಗುರುತೂ ಅದರದೇ. ಬೇರೆ ಮಗ್ಗದ ಕ್ರೇಪ್ ಎಷ್ಟೇ ಸೊಗಸಾಗಿದ್ದರೂ ಅದನ್ನು ಆ ಹೆಸರಿನಿಂದ ಮಾರುವಂತಿಲ್ಲ. ರಾಮಣ್ಣ, “ಅದೇ ಅಮ್ಮಾ, ಅದಕ್ಕಿಂತ ಕಡಿಮೆ ಬೆಲೆಗೆ,” ಎಂದರು. ಶಾರದಮ್ಮ, “ಕ್ರೇಪ್ ರೇಷ್ಮೆಯೇ ಹೌದು, ಆದರೆ ಸರ್ಕಾರಿ ಕಾರ್ಖಾನೆಯದಲ್ಲ. ಅದೇ ಬೇಕೆಂದರೆ ಅವರ ಮಳಿಗೆಗೆ ಹೋಗಬೇಕಾಗುತ್ತದೆ,” ಎಂದರು. ಆ ಉತ್ತರದಿಂದ ಕೆಲವು ಗಿರಾಕಿಗಳಾದರೂ ಎದ್ದು ಹೋಗಿರಬಹುದು. ಮಾರಾಟದ ಪಟ್ಟಿಯಲ್ಲಿ ಅದು ಶಾರದಮ್ಮನವರ ನಷ್ಟವೆಂದೇ ಲೆಕ್ಕ.

ಮೂರನೆಯದು ಇಳಕಲ್ ಸೀರೆಯದು. ಬಾಗಲಕೋಟೆ ಜಿಲ್ಲೆಯ ಆ ಊರಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಕೂಡಿದಲ್ಲಿ ಒಂದು ಸಣ್ಣ ಗೆರೆ ಕಾಣುತ್ತದೆ. “ಇದೇನು, ಹರಿದದ್ದನ್ನು ಸೇರಿಸಿದ್ದೀರಾ?” ಎಂದು ಆ ಗೃಹಿಣಿಯರು ಕೇಳಿದರು. ರಾಮಣ್ಣ ಆ ಭಾಗವನ್ನು ಒಳಮಡಿಕೆಗೆ ಸರಿಸಿ, ಬೇರೊಂದು ಸೀರೆ ತೆಗೆದರು. ಅಂಗಡಿಯವನೇ ಮುಚ್ಚಿದ್ದನ್ನು ಗಿರಾಕಿ ದೋಷವೆಂದಲ್ಲದೆ ಬೇರೇನೆಂದು ತಿಳಿದಾಳು? ಶಾರದಮ್ಮ ಬೆಳಕಿಗೆ ಹಿಡಿದು ಗಂಟುಗಳನ್ನು ತೋರಿಸಿದರು. ಜೊತೆಗೆ, “ಸೆರಗಿನದು ರೇಷ್ಮೆ, ಒಡಲಿನದು ನೂಲು. ಕೆಂಪು ಬಣ್ಣ ಬಿಟ್ಟರೂ ಬಿಟ್ಟೀತು, ಮೊದಲ ಸಲ ತಣ್ಣೀರಲ್ಲಿ ಬೇರೆಯಾಗಿ ಒಗೆಯಿರಿ,” ಎಂದೂ ಹೇಳಿದರು. ಕೇಳದೆಯೇ ಹೇಳಿದ ಆ ಕೊನೆಯ ಮಾತನ್ನು ಇಬ್ಬರು ಗೃಹಿಣಿಯರೂ ತಮ್ಮ ವರದಿಯಲ್ಲಿ ಬರೆದಿದ್ದರು.

ಇಷ್ಟಾದ ಮೇಲೆ ಅಂಕ ಹಾಕುವ ಕಾಗದ. ಅಂಗಡಿಗಳಲ್ಲಿ ಬಳಕೆಯಲ್ಲಿರುವ ಕಾಗದಗಳಲ್ಲಿ ‘ಗಿರಾಕಿಗಳೊಡನೆ ವರ್ತನೆ: ಉತ್ತಮ, ಸಾಧಾರಣ, ಕನಿಷ್ಠ’ ಎಂದಿರುತ್ತದೆ. ಇದು ಯಜಮಾನರ ಅಂದಿನ ಮನಃಸ್ಥಿತಿಯನ್ನು ಅಳೆಯುತ್ತದೆಯೇ ಹೊರತು ನೌಕರನನ್ನಲ್ಲ. ಹದಿನೆಂಟು ವರ್ಷದ ಅಭಿಮಾನವಿದ್ದವರಿಗೆ ಎಲ್ಲದರಲ್ಲೂ ‘ಉತ್ತಮ’ ಬಿದ್ದುಬಿಡುತ್ತದೆ. ಕಳೆದ ವಾರ ಎದುರುತ್ತರ ಕೊಟ್ಟವರ ಇಡೀ ವರ್ಷವೇ ‘ಕನಿಷ್ಠ’ವಾಗುತ್ತದೆ. ಈ ಯಜಮಾನರು ವಿಶೇಷಣಗಳನ್ನು ತೆಗೆದುಹಾಕಿ ನಡತೆಯನ್ನೇ ಬರೆದರು. ಸರಕಿನ ತಿಳಿವಳಿಕೆಗೆ ಕೆಳಗಿನ ಮೆಟ್ಟಿಲು: ತಪ್ಪು ಉತ್ತರ ಕೊಟ್ಟರು ಅಥವಾ ಪ್ರಶ್ನೆಯನ್ನು ಮರೆಸಿದರು. ನಡುವಿನದು: ಸರಿಯಾಗಿ ಹೇಳಿದರು, ಅಥವಾ ಗೊತ್ತಿಲ್ಲವೆಂದು ಕೇಳಿ ಬಂದು ಹೇಳಿದರು. ಮೇಲಿನದು: ಸರಿಯಾಗಿ ಹೇಳಿ, ಸರಕಿನ ಮೇಲೆಯೇ ತೋರಿಸಿ, ಕೇಳದಿದ್ದರೂ ಜೋಪಾನ ಮಾಡುವ ರೀತಿಯನ್ನು ತಿಳಿಸಿದರು. ಗಿರಾಕಿಯ ವಿಷಯಕ್ಕೂ ಹೀಗೆಯೇ ಮೂರು ಮೆಟ್ಟಿಲು. ಯಾರಿಗೆ, ಯಾವ ಸಮಾರಂಭಕ್ಕೆ, ಎಷ್ಟರೊಳಗೆ ಎಂದು ಮೊದಲು ವಿಚಾರಿಸಿದರೇ? ಹೇಳಿದ ಬೆಲೆಯೊಳಗಿನದನ್ನೇ ಮೊದಲು ತೋರಿಸಿದರೇ? “ಮತ್ತೆ ಬರುತ್ತೇವೆ” ಎಂದು ಎದ್ದವರನ್ನು ಹೇಗೆ ಕಳುಹಿಸಿದರು? ಈ ಕಡೆಯದನ್ನು ನೋಡಿದರೆ ಉಳಿದದ್ದೆಲ್ಲ ತಿಳಿಯುತ್ತದೆಂದು ಹಳೆಯ ವರ್ತಕರು ಹೇಳುವುದುಂಟು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಪ್ರತಿಯೊಂದು ಅಂಕದ ಎದುರಿಗೂ ತಾರೀಖು ಸಹಿತ ಒಂದು ಘಟನೆ ಬರೆದಿರಬೇಕು. ಘಟನೆ ನೆನಪಾಗದಿದ್ದರೆ ಆ ಅಂಕವನ್ನು ಖಾಲಿ ಬಿಡಬೇಕು.

ರಾಮಣ್ಣನವರನ್ನು ಯಜಮಾನರು ಗಲ್ಲಾದ ಬಳಿ ಕರೆಯದೆ, ಅಂಗಡಿ ಮುಚ್ಚಿದ ಮೇಲೆ ಮಹಡಿಯ ಕೋಣೆಗೆ ಕರೆದರು. ದೊಡ್ಡ ತಂಡಗಳನ್ನು ನಿಭಾಯಿಸುವ ಅವರ ರೀತಿಯನ್ನು ತಾವು ಕಂಡಂತೆ ವಿವರವಾಗಿ ಹೇಳಿದರು. ಯಾರೂ ಅದನ್ನು ಗಮನಿಸಿ ಹೇಳಿರಲಿಲ್ಲವಾಗಿ ರಾಮಣ್ಣನವರ ಮುಖ ಅರಳಿತು. ಅನಂತರ 23 ಚೀಟಿಗಳನ್ನು ಮುಂದಿಟ್ಟರು. ರಾಮಣ್ಣ ಒಂದೊಂದಾಗಿ ಓದಿ, ಬಹಳ ಹೊತ್ತು ಸುಮ್ಮನಿದ್ದರು.

“ಯಜಮಾನರೇ, ಹಳೇ ಸ್ಟಾಕಿನ ಮೇಲೆ ಸೀರೆಗೆ ನೂರು ರೂಪಾಯಿ ಹೆಚ್ಚು ಕಮಿಷನ್ ಇಟ್ಟವರು ಯಾರು?” ಎಂದು ಕೊನೆಗೆ ಕೇಳಿದರು.

ಯಜಮಾನರು ಉತ್ತರ ಕೊಡಲಿಲ್ಲ. ಚೀಟಿಗಳನ್ನು ಮತ್ತೆ ನೋಡಿದರು. 23ರಲ್ಲಿ 14 ಸೀರೆಗಳು ಆ ಹಳೆಯ ದಾಸ್ತಾನಿನವೇ!

“ಗೋದಾಮಿನಿಂದ ಕಟ್ಟು ಬರುತ್ತದೆ,” ಎಂದು ರಾಮಣ್ಣ ಮುಂದುವರಿಸಿದರು. “ಮೇಲೆ ನಂಬರು, ಬೆಲೆ. ಜರಿ ಯಾವುದು, ಯಾವ ಮಗ್ಗದ್ದು ಅಂತ ಯಾರು ಬರೆದಿದ್ದಾರೆ? ಗಿರಾಕಿ ಎದುರಿಗೆ ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ ಅಂತ ನನಗೆ ಹೇಳಿಕೊಟ್ಟವರು ನಿಮ್ಮ ತಂದೆಯವರೇ. ಆಕೆಗೆ ಹೇಗೆ ತಿಳಿಯಿತು?”

ಶಾರದಮ್ಮನವರ ತವರು ಮಗ್ಗದ ಮನೆ. ಅವರಿಗಿದ್ದ ತಿಳಿವಳಿಕೆಯಲ್ಲಿ ಅಂಗಡಿ ಕಲಿಸಿದ್ದು ಏನೂ ಇರಲಿಲ್ಲ. ಹಾಗೆಂದು ರಾಮಣ್ಣನವರ ತಪ್ಪು ಮನ್ನಾ ಆಗುವುದಿಲ್ಲ. ಜರಿಯ ವಿಷಯದಲ್ಲಿ ಅವರು ಅರಿಯದೆ ಆಡಿದ್ದರೆನ್ನಬಹುದು. ಕ್ರೇಪಿನ ವಿಷಯದಲ್ಲಿ “ಅದೇ ಅಮ್ಮಾ” ಎಂದದ್ದು ಅರಿತೇ ಆಡಿದ ಮಾತು. ಇವೆರಡಕ್ಕೂ ಒಂದೇ ಶಿಕ್ಷೆ ಸಲ್ಲದೆಂದು ಯಜಮಾನರಿಗೆ ತೋರಿತು. ಮೊದಲನೆಯದಕ್ಕೆ ಕಲಿಕೆ ಮದ್ದು. ಎರಡನೆಯದಕ್ಕೆ ಅವರು ಅಂದೇ ಸ್ಪಷ್ಟವಾದ ಎಚ್ಚರಿಕೆ ಕೊಟ್ಟು, ಕಾಗದದಲ್ಲಿಯೂ ಬರೆದರು.

ಮೇಲ್ವಿಚಾರಕರ ಪದವಿ ಆ ವರ್ಷ ಯಾರಿಗೂ ಸಿಗಲಿಲ್ಲ. ಸಂಬಳ ಇಬ್ಬರಿಗೂ ಏರಿತು. ಶಾರದಮ್ಮನವರಿಗೆ ಸ್ವಲ್ಪ ಹೆಚ್ಚಾಗಿಯೇ. ಮದುವೆಯ ಋತುವಿನಲ್ಲಿ ಅವರು ರಾಮಣ್ಣನವರ ಪಕ್ಕದಲ್ಲಿ ಕುಳಿತು ದೊಡ್ಡ ತಂಡಗಳನ್ನು ನೋಡಿಕೊಳ್ಳುವುದನ್ನು ಕಲಿಯುವುದೆಂದೂ, ಬುಧವಾರ ಬೆಳಗ್ಗೆ ಅಂಗಡಿ ತೆರೆಯುವ ಮುನ್ನ ಅರ್ಧ ಗಂಟೆ ಸರಕಿನ ವಿಷಯವನ್ನು ಎಲ್ಲರಿಗೂ ಹೇಳಿಕೊಡುವುದೆಂದೂ ಗೊತ್ತಾಯಿತು. ಹದಿನೆಂಟು ವರ್ಷದ ಹಿರಿಯರು ನಾಲ್ಕು ವರ್ಷದವರ ಮುಂದೆ ಪಾಠಕ್ಕೆ ಕುಳಿತುಕೊಳ್ಳುವುದು ಸುಲಭವಲ್ಲ. ಮೊದಲ ಎರಡು ಬುಧವಾರ ರಾಮಣ್ಣ ತಡವಾಗಿ ಬಂದರು. ಹಳೆಯ ದಾಸ್ತಾನಿನ ವಿಶೇಷ ಕಮಿಷನ್ ರದ್ದಾಯಿತು. ಉಳಿದ ಕಮಿಷನ್ನನ್ನು ಬಿಲ್ಲಾದ ದಿನವಲ್ಲ, ಬದಲಾಯಿಸಿಕೊಳ್ಳುವ ಹದಿನೈದು ದಿನದ ಗಡುವು ಮುಗಿದ ಮೇಲೆ ಲೆಕ್ಕಕ್ಕೆ ಹಿಡಿಯುವುದೆಂದಾಯಿತು.

ಪ್ರತಿಯೊಂದು ಸೀರೆಗೂ ಜರಿ, ನೂಲು, ಮಗ್ಗ, ಒಗೆಯುವ ರೀತಿ ಬರೆದ ಚೀಟಿ ಕಟ್ಟಿದ ಹೊರತು ಗಾದಿಗೆ ತರಬಾರದೆಂದು ಯಜಮಾನರು ಹೊಸ ಪದ್ಧತಿ ಮಾಡಿದರು. ಮರುದಿನವೇ ಗೋದಾಮಿನಿಂದ ನಲವತ್ತು ಸೀರೆಗಳ ಕಟ್ಟು ಬಂದಿತು. ರಾಮಣ್ಣ ಕೈಯಲ್ಲಿ ಪೆನ್ನು ಹಿಡಿದು, “ಹೇಳಿ ಯಜಮಾನರೇ, ಬರೆಯುತ್ತೇನೆ,” ಎಂದು ಎದುರಿಗೆ ಕುಳಿತರು. ಹನ್ನೊಂದು ಸೀರೆಗಳ ಜರಿ ಯಾವುದೆಂದು ಯಜಮಾನರಿಗೂ ಹೇಳಲಾಗಲಿಲ್ಲ.